ಆನ್‌ಲೈನ್‌ನಲ್ಲಿ ಕೂದಲೆಣ್ಣೆ ಮಾರುವ ಮೊದಲು ಮಾಡಬೇಕಾದ ಲೆಕ್ಕ

ಬೆಂಗಳೂರಿನಲ್ಲಿ ಸಣ್ಣದಾಗಿ ಕಾಸ್ಮೆಟಿಕ್ಸ್ ಬ್ರಾಂಡ್ ಶುರು ಮಾಡಿದವರು ಮೊದಲು ಕೇಳುವ ಪ್ರಶ್ನೆ ‘ಕಮಿಷನ್ ಎಷ್ಟು ಹಿಡೀತಾರೆ?’ ಅಂತ. ಕಡಿಮೆ ಬೆಲೆಯ ಸಾಮಾನಿಗೆ ಈಗ ಇದು ದೊಡ್ಡ ಪ್ರಶ್ನೆಯೇ ಅಲ್ಲ. ಮೀಶೊ 2021ರಲ್ಲೇ ಕಮಿಷನ್ ಬಿಟ್ಟಿತು. ಅಮೆಜಾನ್ 2025ರ ಏಪ್ರಿಲ್‌ನಲ್ಲಿ 300 ರೂಪಾಯಿ ಒಳಗಿನ ಬಹಳಷ್ಟು ಬಗೆಯ ಸಾಮಾನಿಗೆ ಕಮಿಷನ್ ತೆಗೆಯಿತು. ಅದೇ ವರ್ಷ ನವೆಂಬರ್‌ನಲ್ಲಿ ಫ್ಲಿಪ್‌ಕಾರ್ಟ್ 1000 ರೂಪಾಯಿ ಒಳಗಿನದಕ್ಕೆ ಕಮಿಷನ್ ಇಲ್ಲ ಎಂದು ಘೋಷಿಸಿತು.

ಆದರೂ ತಿಂಗಳ ಕೊನೆಗೆ ಬ್ಯಾಂಕ್ ಖಾತೆ ನೋಡಿದಾಗ ಅಂದುಕೊಂಡಷ್ಟು ಹಣ ಇರುವುದಿಲ್ಲ. ಪ್ರತಿ ಆರ್ಡರ್‌ಗೆ ಹಿಡಿಯುವ ಶುಲ್ಕ, ಕೊರಿಯರ್, ಜಾಹೀರಾತು, ಇವೆಲ್ಲದರ ಮೇಲಿನ ಜಿಎಸ್‌ಟಿ, ಎಲ್ಲಕ್ಕಿಂತ ಹೆಚ್ಚಾಗಿ ವಾಪಸ್ ಬರುವ ಬಾಟಲಿ: ಹಣ ಹೋಗುವುದು ಇಲ್ಲಿ. ಬಟ್ಟೆ ವಾಪಸ್ ಬಂದರೆ ಇಸ್ತ್ರಿ ಮಾಡಿ ಮತ್ತೆ ಮಾರಬಹುದು. ಗ್ರಾಹಕರ ಮನೆಗೆ ಹೋಗಿ ಬಂದ ಎಣ್ಣೆ ಬಾಟಲಿಯನ್ನು ಇನ್ನೊಬ್ಬರಿಗೆ ಕಳಿಸುವ ಹಾಗಿಲ್ಲ.

ಈ ಲೇಖನದಲ್ಲಿ ಒಂದೇ ಉದಾಹರಣೆ ಹಿಡಿದು ಹೋಗುತ್ತೇನೆ. 100 ಎಂಎಲ್ ಕೂದಲೆಣ್ಣೆ, ಎಂಆರ್‌ಪಿ 399, ಮಾರುವ ಬೆಲೆ 349 ರೂಪಾಯಿ.

ಹಂತ 1: ಲೈಸೆನ್ಸ್ ಮತ್ತು ಲೇಬಲ್

ಮನೆಯಲ್ಲಿ ಕಾಯಿಸಿದ ಎಣ್ಣೆಯನ್ನು ಬಾಟಲಿಗೆ ತುಂಬಿ ಮಾರಲು ಕಾನೂನು ಬಿಡುವುದಿಲ್ಲ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಮಾರಾಟಕ್ಕೆ ತಯಾರಿಸುವವರಿಗೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಂದ COS-8 ನಮೂನೆಯ ಲೈಸೆನ್ಸ್ ಬೇಕು. ಅದಕ್ಕೆ ಸರಿಯಾದ ಜಾಗ, ಯಂತ್ರ, ಓದಿದ ಸಿಬ್ಬಂದಿ ಎಲ್ಲವೂ ಬೇಕು. ಹೀಗಾಗಿ ಸಣ್ಣ ಬ್ರಾಂಡ್‌ನವರು ಲೈಸೆನ್ಸ್ ಇರುವ ಕಾರ್ಖಾನೆಯಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳುತ್ತಾರೆ. ‘ಥರ್ಡ್ ಪಾರ್ಟಿ’ ಅನ್ನುವುದು ಇದಕ್ಕೇ. ಪೀಣ್ಯ, ಬೊಮ್ಮಸಂದ್ರ, ಜಿಗಣಿ ಕಡೆಯ ಕೈಗಾರಿಕಾ ಪ್ರದೇಶಗಳಲ್ಲಿ ಹುಡುಕಿ ನೋಡಿ.

ಕಾರ್ಖಾನೆಯವರ ಹತ್ತಿರ ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ಮುಂಗಡ ಕೊಡಬೇಡಿ. ಪ್ರತಿ ತೆಗೆಸಿಕೊಂಡು, ಅದರಲ್ಲಿ ಕೂದಲೆಣ್ಣೆ ಮಾಡಲು ಅನುಮತಿ ಇದೆಯೇ ಎಂದು ಓದಿ. ಫೇಸ್ ಕ್ರೀಮ್‌ಗೆ ಅನುಮತಿ ಇದ್ದವರೆಲ್ಲ ಎಣ್ಣೆಗೂ ಪಡೆದಿರುತ್ತಾರೆ ಅಂತೇನಿಲ್ಲ. ಮುಂದೆ ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥ ಮಾರಾಟ ವೇದಿಕೆಯವರು ದಾಖಲೆ ಕೇಳಿದಾಗ ಇದೇ ಪ್ರತಿಯನ್ನು ಅಪ್‌ಲೋಡ್ ಮಾಡಬೇಕು.

ಲೇಬಲ್ ಮೇಲೆ ತಯಾರಕರ ಹೆಸರು, ವಿಳಾಸ, ಅವರ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಾದ ತಿಂಗಳು, ಯಾವಾಗಿನವರೆಗೆ ಬಳಸಬಹುದು, ಪದಾರ್ಥಗಳ ಪಟ್ಟಿ, ಎಷ್ಟು ಎಂಎಲ್, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರು ಹೇಳಲು ಫೋನ್ ಮತ್ತು ಇಮೇಲ್ ಇರಬೇಕು. ಬ್ಯಾಚ್ ನಂಬರ್ ಮತ್ತು ದಿನಾಂಕವನ್ನು ಹೊರಗಿನ ಡಬ್ಬದ ಮೇಲೆ ಮಾತ್ರ ಹಾಕಿಸಬೇಡಿ. ಬಾಟಲಿಯ ಮೇಲೂ ಹಾಕಿಸಿ. ರಿಟರ್ನ್ ಬಂದಾಗ ಇದು ಎಷ್ಟು ಮುಖ್ಯ ಅಂತ ಕೆಳಗೆ ಗೊತ್ತಾಗುತ್ತದೆ.

ಲೇಬಲ್ ಮತ್ತು ಲಿಸ್ಟಿಂಗ್, ಅಂದರೆ ವೇದಿಕೆಯಲ್ಲಿ ನಿಮ್ಮ ಸಾಮಾನಿನ ಪುಟ, ಎರಡರಲ್ಲೂ ಮಾತಿನ ಬಗ್ಗೆ ಎಚ್ಚರ ಇರಲಿ. ‘ಕೂದಲಿಗೆ ಹೊಳಪು ಕೊಡುತ್ತದೆ, ಮೃದುವಾಗಿಸುತ್ತದೆ’ ಅನ್ನಬಹುದು. ‘ಬೋಳಾದ ಕಡೆ ಕೂದಲು ಬರುತ್ತದೆ’, ‘ನೆರೆಕೂದಲು ಕಪ್ಪಾಗುತ್ತದೆ’ ಅಂದ ಕೂಡಲೇ ಅದು ಕಾಸ್ಮೆಟಿಕ್ ಆಗಿ ಉಳಿಯುವುದಿಲ್ಲ, ಔಷಧಿಯ ಗುಣ ಹೇಳಿಕೊಂಡ ಹಾಗೆ ಆಗುತ್ತದೆ. ಲಿಸ್ಟಿಂಗ್ ತೆಗೆದುಹಾಕಲು ಇಂಥ ಒಂದು ಸಾಲು ಸಾಕು. ಜೊತೆಗೆ, ಇಂಥ ಆಸೆ ಹುಟ್ಟಿಸಿ ಮಾರಿದ ಬಾಟಲಿಯೇ ‘ಕೆಲಸ ಮಾಡಲಿಲ್ಲ’ ಎಂದು ಕೆಟ್ಟ ರಿವ್ಯೂ ಹೊತ್ತು ಬರುವುದು.

ಹಂತ 2: ಖಾತೆ ಮತ್ತು ಲಿಸ್ಟಿಂಗ್

ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೊ ಮೂರರಲ್ಲೂ ಮಾರಾಟಗಾರರ ಖಾತೆ ತೆರೆಯಲು, ಸಾಮಾನು ಲಿಸ್ಟ್ ಮಾಡಲು ದುಡ್ಡು ಕೊಡಬೇಕಿಲ್ಲ. ‘ನಿಮ್ಮ ಲಿಸ್ಟಿಂಗ್ ಮೇಲೆ ತರ್ತೀವಿ, ಇಷ್ಟು ಸಾವಿರ ಕೊಡಿ’ ಅಂತ ಫೋನ್ ಮಾಡುವವರಿಗೆ ಹಣ ಕೊಡುವ ಮೊದಲು ಇದನ್ನು ನೆನಪಿಡಿ.

ಖರ್ಚು ಬರುವುದು ಅದರ ಸುತ್ತಲಿನದಕ್ಕೆ. ಟ್ರೇಡ್‌ಮಾರ್ಕ್ ಅರ್ಜಿಗೆ ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ದಿಮೆಯಾದರೆ ಆನ್‌ಲೈನ್‌ನಲ್ಲಿ ಒಂದು ವರ್ಗಕ್ಕೆ 4,500 ರೂಪಾಯಿ ಸರ್ಕಾರಿ ಶುಲ್ಕ. ಕಾಸ್ಮೆಟಿಕ್ಸ್ ಬರುವುದು 3ನೇ ವರ್ಗದಲ್ಲಿ. ಸಣ್ಣ ಉದ್ದಿಮೆ ಅಂತ ತೋರಿಸಲು ಉದ್ಯಮ್ ನೋಂದಣಿ ಬೇಕು. ಅದು ಉಚಿತ. ಬಾರ್‌ಕೋಡ್‌ಗೆ ಜಿಎಸ್1 ಇಂಡಿಯಾದಲ್ಲಿ ಶುಲ್ಕ ಕಟ್ಟಬೇಕು. ಅಮೆಜಾನ್‌ನಲ್ಲಿ ಸ್ವಂತ ಬ್ರಾಂಡ್‌ಗೆ ಬಾರ್‌ಕೋಡ್ ವಿನಾಯಿತಿಗೂ ಅರ್ಜಿ ಹಾಕಬಹುದು. ಶುರುವಿನಲ್ಲಿ ಅಷ್ಟು ಸಾಕು. ಉಳಿದ ಹಣವನ್ನು ಒಳ್ಳೆಯ ಫೋಟೊಗೆ ಹಾಕಿ. ಲೇಬಲ್‌ನ ಹಿಂಬದಿ ಓದಲು ಆಗುವ ಹಾಗೆ ಒಂದು ಫೋಟೊ ಇರಲೇಬೇಕು.

ಜಿಎಸ್‌ಟಿ ನಂಬರ್ ಇಲ್ಲದೆ ಮಾರಬಹುದೇ ಅಂತ ಬಹಳ ಜನ ಕೇಳುತ್ತಾರೆ. 2023ರ ಅಕ್ಟೋಬರ್‌ನಿಂದ, ವಹಿವಾಟು ನೋಂದಣಿ ಮಿತಿಗಿಂತ ಕಡಿಮೆ ಇದ್ದವರು ಜಿಎಸ್‌ಟಿ ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ನಂಬರ್ ಪಡೆದು ತಮ್ಮ ರಾಜ್ಯದೊಳಗೆ ಮಾತ್ರ ಮಾರಬಹುದು. ಕರ್ನಾಟಕದಲ್ಲಿ ಸರಕಿಗೆ ಆ ಮಿತಿ ವರ್ಷಕ್ಕೆ 40 ಲಕ್ಷ. ಹೊಸೂರಿಗೆ ಒಂದು ಬಾಟಲಿ ಕಳಿಸಬೇಕಾದರೂ ಪೂರ್ತಿ ನೋಂದಣಿ ಬೇಕು. ವೇದಿಕೆಯ ಗೋದಾಮಿನಲ್ಲಿ ಸರಕು ಇಡುವುದಾದರೆ, ಆ ಗೋದಾಮು ಇರುವ ರಾಜ್ಯದಲ್ಲೂ ನೋಂದಣಿ ಬೇಕು ಅನ್ನುವುದು ಗಮನದಲ್ಲಿರಲಿ.

ಹಂತ 3: ಒಂದು ಬಾಟಲಿಯ ಲೆಕ್ಕ ಹಾಕಿ

ಈಗ ಮುಖ್ಯ ವಿಷಯ. ಪ್ರತಿ ವೇದಿಕೆಯಲ್ಲೂ ರೇಟ್ ಕಾರ್ಡ್ ಇರುತ್ತದೆ. ಅದು ಆಗಾಗ ಬದಲಾಗುತ್ತದೆ. ಆದ್ದರಿಂದ ಇಲ್ಲಿ ಕೊಟ್ಟ ಶುಲ್ಕಗಳು ಲೆಕ್ಕ ತೋರಿಸಲು ಹಿಡಿದ ಅಂಕಿ ಮಾತ್ರ. ಲಿಸ್ಟ್ ಮಾಡುವ ದಿನದ ರೇಟ್ ಕಾರ್ಡ್ ನೋಡಿ ನಿಮ್ಮ ಅಂಕಿ ಹಾಕಿಕೊಳ್ಳಿ.

349 ರೂಪಾಯಿಗೆ ಮಾರಿದಾಗ ಅದರೊಳಗೆ ಜಿಎಸ್‌ಟಿ ಸೇರಿದೆ. 2025ರ ಸೆಪ್ಟೆಂಬರ್ 22ರಿಂದ ಕೂದಲೆಣ್ಣೆಗೆ 5%. ಅಂದರೆ ಸುಮಾರು 17 ರೂಪಾಯಿ ತೆರಿಗೆ, ನಿಮ್ಮದು 332.

ಎಣ್ಣೆ, ಬಾಟಲಿ, ಮುಚ್ಚಳ, ಲೇಬಲ್, ಡಬ್ಬ, ತುಂಬಿಸುವ ಕೂಲಿ ಎಲ್ಲ ಸೇರಿ ಕಾರ್ಖಾನೆಯಿಂದ 85 ರೂಪಾಯಿಗೆ ಬಂತು ಅಂತ ಇಟ್ಟುಕೊಳ್ಳೋಣ. ಕೊರಿಯರ್‌ಗೆ ಹಾಕುವ ರಟ್ಟಿನ ಡಬ್ಬ, ಬಬಲ್ ಶೀಟ್, ಟೇಪ್‌ಗೆ 12. ಕಮಿಷನ್ ಸೊನ್ನೆ. ಪ್ರತಿ ಆರ್ಡರ್‌ನ ನಿಗದಿ ಶುಲ್ಕ 30. ಊರೊಳಗೆ, ಪಕ್ಕದ ರಾಜ್ಯ, ದೂರದ ರಾಜ್ಯ ಎಲ್ಲದರ ಸರಾಸರಿ ಕೊರಿಯರ್ 65. ಜಾಹೀರಾತಿನ ಒಟ್ಟು ಖರ್ಚನ್ನು ಆರ್ಡರ್‌ಗಳಿಗೆ ಹಂಚಿದರೆ 40.

332ರಲ್ಲಿ ಇವನ್ನೆಲ್ಲ ಕಳೆದರೆ ಉಳಿಯುವುದು 100 ರೂಪಾಯಿ. ಹೆಚ್ಚಿನವರ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ಇನ್ನೂ ಎರಡು ಹೆಜ್ಜೆ ಮುಂದೆ ಹೋಗಬೇಕು.

ಮೊದಲನೆಯದು ಜಿಎಸ್‌ಟಿ ಕ್ರೆಡಿಟ್, ಅಂದರೆ ಖರ್ಚಿನ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು. ವೇದಿಕೆಯ ಶುಲ್ಕ, ಕೊರಿಯರ್, ಜಾಹೀರಾತು ಇವೆಲ್ಲದಕ್ಕೂ ಮೇಲಿನ ಅಂಕಿಯ ಜೊತೆಗೆ 18% ಜಿಎಸ್‌ಟಿ. ನಮ್ಮ ಲೆಕ್ಕದಲ್ಲಿ 135 ರೂಪಾಯಿಗೆ ಸುಮಾರು 24. ಕಾರ್ಖಾನೆಯ ಬಿಲ್ಲಿನಲ್ಲಿ 5% ಅಂದರೆ ಇನ್ನೊಂದು 4. ಒಟ್ಟು 28 ರೂಪಾಯಿ ಮೀರಿ ಕ್ರೆಡಿಟ್ ಬಂತು. ಆದರೆ ನೀವು ಗ್ರಾಹಕರಿಂದ ವಸೂಲಿ ಮಾಡಿ ಕಟ್ಟಬೇಕಾದ ತೆರಿಗೆ 17 ಮಾತ್ರ. ಉಳಿದ ಸುಮಾರು 12 ರೂಪಾಯಿ ಕ್ರೆಡಿಟ್ ಲೆಡ್ಜರ್‌ನಲ್ಲಿ ಕೂತಿರುತ್ತದೆ. ಕಚ್ಚಾ ಸರಕಿನ ತೆರಿಗೆ ದರ ಹೆಚ್ಚಿದ್ದು ಮಾರುವ ಸರಕಿನದು ಕಡಿಮೆ ಇದ್ದರೆ ರೀಫಂಡ್ ಕೇಳುವ ದಾರಿ ಜಿಎಸ್‌ಟಿಯಲ್ಲಿದೆ. ಆದರೆ ಕೊರಿಯರ್, ಜಾಹೀರಾತಿನಂಥ ಸೇವೆಗಳ ಮೇಲೆ ಕಟ್ಟಿದ ತೆರಿಗೆಗೆ ಆ ರೀಫಂಡ್ ಸಿಗುವುದಿಲ್ಲ. ಕಾಗದದ ಮೇಲೆ ಅದು ನಿಮ್ಮದೇ ಹಣ, ಕೈಗೆ ಮಾತ್ರ ಬರುವುದಿಲ್ಲ. ಹೀಗಾಗಿ 100ರ ಜಾಗದಲ್ಲಿ 88 ಅಂತ ಹಿಡಿಯುವುದೇ ಸರಿ.

ತೆರಿಗೆ ಕಡಿಮೆಯಾಗಿದ್ದು ಕೆಟ್ಟದಾಯಿತು ಅಂತ ಇದರ ಅರ್ಥ ಅಲ್ಲ. ಇದೇ 349 ರೂಪಾಯಿಗೆ, ಇಷ್ಟೇ ಖರ್ಚಿನಲ್ಲಿ 18% ತೆರಿಗೆಯ ಫೇಸ್ ಕ್ರೀಮ್ ಮಾರಿದರೆ ತೆರಿಗೆಗೇ 53 ಹೋಗಿ, ಉಳಿಯುವುದು 64 ಮಾತ್ರ. ಅಲ್ಲಿ ಕ್ರೆಡಿಟ್ ಪೂರ್ತಿ ಬಳಕೆಯಾಗುತ್ತದೆ, ಅಷ್ಟೇ. ಎಣ್ಣೆಯ ಲೆಕ್ಕ ಬೇರೆ, ಕ್ರೀಮ್ ಲೆಕ್ಕ ಬೇರೆ. ಒಂದರ ಅಂಕಿ ನೋಡಿ ಇನ್ನೊಂದಕ್ಕೆ ಬೆಲೆ ಇಡಬೇಡಿ.

ವೇದಿಕೆಯವರು ಹಣ ಕೊಡುವಾಗ 0.5% ಜಿಎಸ್‌ಟಿ ಟಿಸಿಎಸ್, 0.1% ಆದಾಯ ತೆರಿಗೆ ಟಿಡಿಎಸ್ ಹಿಡಿಯುತ್ತಾರೆ. ಇದು ಖರ್ಚಲ್ಲ. ಮೊದಲನೆಯದು ಜಿಎಸ್‌ಟಿ ಪೋರ್ಟಲ್‌ನ ನಿಮ್ಮ ಕ್ಯಾಶ್ ಲೆಡ್ಜರ್‌ಗೆ ಬರುತ್ತದೆ, ಎರಡನೆಯದನ್ನು ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಆದರೆ ತಿಂಗಳು ತಿಂಗಳೂ ಪೋರ್ಟಲ್‌ನಲ್ಲಿ ಬಂದ ಟಿಸಿಎಸ್ ಅನ್ನು ಒಪ್ಪಿಕೊಳ್ಳದಿದ್ದರೆ ಅದು ಸುಮ್ನೆ ಅಲ್ಲೇ ಉಳಿದುಬಿಡುತ್ತದೆ.

ಹಂತ 4: ಡಬ್ಬದ ಅಳತೆ ನೋಡಿ

ಕೊರಿಯರ್ ಶುಲ್ಕ ಬರೀ ತೂಕದ ಮೇಲೆ ಅಲ್ಲ. ಡಬ್ಬ ಎಷ್ಟು ಜಾಗ ಹಿಡಿಯುತ್ತದೆ ಅನ್ನುವುದನ್ನೂ ತೂಕಕ್ಕೆ ಪರಿವರ್ತಿಸುತ್ತಾರೆ. ಸಾಮಾನ್ಯವಾಗಿ ಬಳಸುವ ಸೂತ್ರ ಇದು, ಅಳತೆ ಸೆಂಟಿಮೀಟರ್‌ನಲ್ಲಿ:

ಉದ್ದ × ಅಗಲ × ಎತ್ತರ ÷ 5000 = ಕೆಜಿ

ನಿಜವಾದ ತೂಕ, ಈ ಲೆಕ್ಕದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಶುಲ್ಕ. 100 ಎಂಎಲ್ ಬಾಟಲಿ ಡಬ್ಬ ಸೇರಿ 200 ಗ್ರಾಂ ದಾಟುವುದಿಲ್ಲ. ಆದರೆ ಪೇಟೆಯಲ್ಲಿ ಸಿಕ್ಕ 20 × 15 × 10 ಅಳತೆಯ ಡಬ್ಬಕ್ಕೆ ಹಾಕಿದರೆ ಲೆಕ್ಕದ ತೂಕ 600 ಗ್ರಾಂ. ಮೊದಲ ಅರ್ಧ ಕೆಜಿಯ ಹಂತ ದಾಟಿ, ಪ್ರತಿ ಆರ್ಡರ್‌ಗೂ ಒಂದು ಹಂತ ಮೇಲಿನ ಶುಲ್ಕ ಬೀಳುತ್ತದೆ. ಅದೇ 18 × 10 × 8 ಡಬ್ಬವಾದರೆ 288 ಗ್ರಾಂ. ಬಬಲ್ ಶೀಟ್ ಸುತ್ತಲೂ ಜಾಗ ಸಾಕು.

ಪೀಣ್ಯ, ಕಾಮಾಕ್ಷಿಪಾಳ್ಯ ಕಡೆ ರಟ್ಟಿನ ಡಬ್ಬ ಮಾಡುವವರ ಹತ್ತಿರ ನಿಮ್ಮ ಬಾಟಲಿಯನ್ನೇ ತೆಗೆದುಕೊಂಡು ಹೋಗಿ ಅಳತೆ ಕೊಡಿ. ಸಿದ್ಧ ಡಬ್ಬಕ್ಕಿಂತ ಒಂದೆರಡು ರೂಪಾಯಿ ಹೆಚ್ಚಾದರೂ ಕೊರಿಯರ್‌ನಲ್ಲಿ ಅದಕ್ಕಿಂತ ಜಾಸ್ತಿ ಉಳಿಯುತ್ತದೆ. ಲಿಸ್ಟಿಂಗ್‌ನಲ್ಲಿ ಅಳತೆ ಸರಿಯಾಗಿ ತುಂಬಿ, ಡಬ್ಬದ ಪಕ್ಕ ಟೇಪು ಇಟ್ಟು, ತಕ್ಕಡಿ ಮೇಲೆ ಇಟ್ಟು ಫೋಟೊ ತೆಗೆದಿಟ್ಟುಕೊಳ್ಳಿ. ಕೊರಿಯರ್ ಗೋದಾಮಿನ ಯಂತ್ರ ಒಮ್ಮೊಮ್ಮೆ ತೂಕ ತಪ್ಪಾಗಿ ಓದುತ್ತದೆ. ಆಗ ವಾದಿಸಲು ಈ ಫೋಟೊ ಬೇಕು.

ಹಂತ 5: ನೂರು ಆರ್ಡರ್‌ಗೆ ರಿಟರ್ನ್ ಸೇರಿಸಿ ನೋಡಿ

ಹಂತ 3ರಲ್ಲಿ ಹೇಳಿದ ಎರಡನೆಯ ಹೆಜ್ಜೆ ರಿಟರ್ನ್. ಇದರಲ್ಲಿ ಎರಡು ಬಗೆ ಇದೆ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದುಕೊಂಡರೆ ಲೆಕ್ಕ ಹಾದಿ ತಪ್ಪುತ್ತದೆ.

ಕೊರಿಯರ್ ರಿಟರ್ನ್ ಅಂದರೆ ಪಾರ್ಸೆಲ್ ಗ್ರಾಹಕರ ಕೈ ಸೇರದೆ ವಾಪಸ್ ಬಂದದ್ದು. ವಿಳಾಸ ಸಿಗಲಿಲ್ಲ, ಫೋನ್ ಎತ್ತಲಿಲ್ಲ, ಕ್ಯಾಶ್ ಆನ್ ಡೆಲಿವರಿ ಆರ್ಡರ್ ಮಾಡಿ ಬಾಗಿಲಲ್ಲಿ ಬೇಡ ಅಂದರು. ಇದನ್ನು ಆರ್‌ಟಿಒ ಅನ್ನುತ್ತಾರೆ. ಕಸ್ಟಮರ್ ರಿಟರ್ನ್ ಅಂದರೆ ಗ್ರಾಹಕರು ತೆಗೆದುಕೊಂಡು, ತೆರೆದು ನೋಡಿ, ಆಮೇಲೆ ವಾಪಸ್ ಮಾಡಿದ್ದು.

ಸೌಂದರ್ಯ ಸಾಮಗ್ರಿಯನ್ನು ‘ಮನಸ್ಸು ಬದಲಾಯಿತು’ ಅಂತ ವಾಪಸ್ ಮಾಡಲು ವೇದಿಕೆಗಳು ಸಾಮಾನ್ಯವಾಗಿ ಬಿಡುವುದಿಲ್ಲ. ಸೋರಿದ್ದರೆ, ಒಡೆದಿದ್ದರೆ, ಬೇರೆ ಸಾಮಾನು ಬಂದಿದ್ದರೆ ಬಿಡುತ್ತವೆ. ಬಿಡಲೂ ಬೇಕು. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ, ದೋಷ ಇರುವ ಅಥವಾ ಹೇಳಿದ ಹಾಗಿಲ್ಲದ ಸರಕನ್ನು ವಾಪಸ್ ತೆಗೆದುಕೊಳ್ಳಲ್ಲ, ಹಣ ಕೊಡಲ್ಲ ಅಂತ ಮಾರಾಟಗಾರರು ಹೇಳುವಂತಿಲ್ಲ.

ನೂರು ಆರ್ಡರ್ ಕಳಿಸಿದಿರಿ. 10 ಕೊರಿಯರ್ ರಿಟರ್ನ್, 4 ಕಸ್ಟಮರ್ ರಿಟರ್ನ್, 86 ಗ್ರಾಹಕರ ಹತ್ತಿರ ಉಳಿಯಿತು ಅಂತ ಇಟ್ಟುಕೊಳ್ಳಿ.

86 ಬಾಟಲಿಗೆ 88ರಂತೆ 7,568 ರೂಪಾಯಿ.

ಕೊರಿಯರ್ ರಿಟರ್ನ್‌ಗೆ ವೇದಿಕೆಯವರು ಕೊರಿಯರ್ ಶುಲ್ಕ ಹಿಡಿಯಲಿಲ್ಲ ಅಂತಲೇ ಇರಲಿ. ಆದರೂ ಹೊರ ಡಬ್ಬದ 12, ಜಾಹೀರಾತಿನ 40 ಹೋಯಿತು. ಹತ್ತಕ್ಕೆ 520. ಹತ್ತರಲ್ಲಿ ಎರಡು ಬಾಟಲಿ ಓಡಾಟದಲ್ಲೇ ಹಾಳಾದರೆ ಇನ್ನೊಂದು 170. ಒಟ್ಟು 690.

ಕಸ್ಟಮರ್ ರಿಟರ್ನ್‌ಗೆ ಹೋಗುವ ಕೊರಿಯರ್ 65, ಬರುವ ಕೊರಿಯರ್ 90, ಹೊರ ಡಬ್ಬ 12, ಜಾಹೀರಾತು 40, ಮತ್ತೆ ಮಾರಲಾಗದ ಬಾಟಲಿ 85. ಒಂದಕ್ಕೆ 292. ನಾಲ್ಕಕ್ಕೆ 1,168.

7,568ರಲ್ಲಿ ಇವೆರಡನ್ನೂ ಕಳೆದರೆ 5,710. ನೂರು ಆರ್ಡರ್‌ಗೆ ಹಂಚಿದರೆ ಒಂದಕ್ಕೆ 57 ರೂಪಾಯಿ.

ಇಲ್ಲಿ ನೋಡಬೇಕಾದ್ದು ಏನು ಅಂದರೆ, ಹತ್ತು ಕೊರಿಯರ್ ರಿಟರ್ನ್‌ಗಿಂತ ನಾಲ್ಕು ಕಸ್ಟಮರ್ ರಿಟರ್ನ್ ಹೆಚ್ಚು ತಿಂದಿದೆ. ಒಂದು ಬಾಟಲಿ ಸೋರಿ ವಾಪಸ್ ಬಂದರೆ ಮೂರಕ್ಕಿಂತ ಹೆಚ್ಚು ಬಾಟಲಿ ಮಾರಿದ ಲಾಭ ಹೋಯಿತು ಅಂತಲೇ ಅರ್ಥ. ಡ್ಯಾಶ್‌ಬೋರ್ಡ್‌ನಲ್ಲಿ ಆರ್‌ಟಿಒ ಸಂಖ್ಯೆ ದೊಡ್ಡದಾಗಿ ಕಾಣುವುದರಿಂದ ಎಲ್ಲರೂ ಅದರ ಹಿಂದೆಯೇ ಬೀಳುತ್ತಾರೆ. ಎಣ್ಣೆ ಮಾರುವವರು ಮೊದಲು ಕೈ ಹಾಕಬೇಕಾದ್ದು ಸೋರಿಕೆಗೆ.

ಹಂತ 6: ಸೋರಿಕೆ ನಿಲ್ಲಿಸಿ

ಬಾಟಲಿ ಕೊಳ್ಳಲು ಹೋದಾಗ ಎಲ್ಲರ ಕಣ್ಣೂ ಆಕಾರದ ಮೇಲೆ ಇರುತ್ತದೆ. ಒಮ್ಮೆ ಪೇಟೆಯ ಬಾಟಲಿ ಅಂಗಡಿಯಲ್ಲಿ ವಯಸ್ಸಾದ ವ್ಯಾಪಾರಿಯೊಬ್ಬರು ನನ್ನ ಜೊತೆ ಬಂದಿದ್ದವರಿಗೆ ಹೇಳಿದ್ದು ಇಷ್ಟು: ‘ಬಾಟ್ಲಿ ಆಮೇಲೆ ನೋಡಿ ಮೇಡಂ. ಮೊದ್ಲು ಮುಚ್ಚಳ ಬಿಚ್ಚಿ, ಒಳಗೆ ವ್ಯಾಡ್ ಯಾವುದಿದೆ ನೋಡಿ.’ ವ್ಯಾಡ್ ಅಂದರೆ ಮುಚ್ಚಳದ ಒಳಗಿನ ಬಿಲ್ಲೆ. ಫೋಮ್ ಬಿಲ್ಲೆ ಬರೀ ಒತ್ತಿ ಹಿಡಿಯುತ್ತದೆ. ಇಂಡಕ್ಷನ್ ವ್ಯಾಡ್ ಆದರೆ ಅದರ ಫಾಯಿಲ್ ಯಂತ್ರದ ಶಾಖಕ್ಕೆ ಬಾಟಲಿಯ ಬಾಯಿಗೆ ಅಂಟಿಕೊಳ್ಳುತ್ತದೆ. ಮುಚ್ಚಳ ಸಡಿಲವಾದರೂ ಎಣ್ಣೆ ಹೊರಗೆ ಬರುವುದಿಲ್ಲ. ಬಾಟಲಿಯ ಪ್ಲಾಸ್ಟಿಕ್ ಯಾವುದೋ, ಫಾಯಿಲ್‌ನ ಅಂಟುವ ಪದರವೂ ಅದಕ್ಕೆ ಹೊಂದುವಂಥದ್ದೇ ಆಗಿರಬೇಕು. ಪೆಟ್ ಬಾಟಲಿಗೆ ಎಚ್‌ಡಿಪಿಇ ಬಾಟಲಿಯ ಫಾಯಿಲ್ ಹಾಕಿದರೆ ಅಂಟಿದ ಹಾಗೆ ಕಂಡು ಆಮೇಲೆ ಬಿಟ್ಟುಕೊಳ್ಳುತ್ತದೆ. ಬಾಟಲಿಯ ಬಾಯಿಗೆ ಎಣ್ಣೆ ಮೆತ್ತಿದ್ದರೂ ಅಷ್ಟೇ, ಅಂಟುವುದಿಲ್ಲ. ತುಂಬಿದ ಮೇಲೆ ಬಾಯಿ ಒರೆಸಿದ್ದಾರೋ ಇಲ್ಲವೋ ಅಂತ ಕಾರ್ಖಾನೆಗೆ ಹೋಗಿ ನಿಂತು ನೋಡಿ.

ಇನ್ನೊಂದು ಕಾರಣ ಬಿಸಿ. ಬೆಳಗಿನ ತಂಪಿನಲ್ಲಿ ಕುತ್ತಿಗೆ ತನಕ ತುಂಬಿದ ಎಣ್ಣೆ, ಮಧ್ಯಾಹ್ನ ಕೊರಿಯರ್ ವ್ಯಾನಿನೊಳಗೆ 25 ಡಿಗ್ರಿ ಹೆಚ್ಚು ಬಿಸಿಯಾದರೆ 100 ಎಂಎಲ್‌ಗೆ ಒಂದೂವರೆಯಿಂದ ಎರಡು ಎಂಎಲ್ ಹಿಗ್ಗುತ್ತದೆ. ಅದಕ್ಕೆ ಬಾಟಲಿಯಲ್ಲಿ ಖಾಲಿ ಜಾಗ ಬೇಕು. ಸರಿಯಾಗಿ 100 ಎಂಎಲ್ ಹಿಡಿಯುವ ಬಾಟಲಿ ಕೊಳ್ಳಬೇಡಿ. ಕುತ್ತಿಗೆಯವರೆಗೆ 110 ಎಂಎಲ್ ಹಿಡಿಯುವುದನ್ನು ಕೇಳಿ.

ಪ್ರತಿ ಹೊಸ ಬ್ಯಾಚ್ ಬಂದಾಗ ಹತ್ತು ಬಾಟಲಿ ತೆಗೆದು ಹೀಗೆ ಪರೀಕ್ಷೆ ಮಾಡಿ. ಹೊರಗೆ ಚೆನ್ನಾಗಿ ಒರೆಸಿ, ಪೇಪರ್‌ನಲ್ಲಿ ಸುತ್ತಿ, ಅಡ್ಡ ಮಲಗಿಸಿ. ಒಂದು ದಿನ ಬಿಸಿಲಿರುವ ಟೆರೇಸ್ ಮೇಲೆ, ಒಂದು ರಾತ್ರಿ ಒಳಗೆ ಇಡಿ. ಬಿಚ್ಚಿದಾಗ ಪೇಪರ್ ಮೇಲೆ ಎಣ್ಣೆಯ ಕಲೆ ಎಲ್ಲಿದೆ ನೋಡಿ. ಮುಚ್ಚಳದ ಹತ್ತಿರ ಇದ್ದರೆ ಸೀಲಿನ ದೋಷ. ಬಾಟಲಿಯ ತಳದಲ್ಲಿ ಇದ್ದರೆ ಬಾಟಲಿಯದೇ ದೋಷ. ಎರಡಕ್ಕೂ ಜವಾಬ್ದಾರರು ಬೇರೆ ಬೇರೆ, ಹಾಗಾಗಿ ಇದು ಗೊತ್ತಿರಬೇಕು. ಆಮೇಲೆ ಕೊರಿಯರ್‌ಗೆ ಹಾಕುವ ಹಾಗೆಯೇ ಪ್ಯಾಕ್ ಮಾಡಿ, ಮೇಜಿನ ಎತ್ತರದಿಂದ ಮೂಲೆ ಕೆಳಗಾಗುವಂತೆ ಬೀಳಿಸಿ, ಮತ್ತೆ ನೋಡಿ.

ಈ ಬಿಲ್ಲೆ, ಸೀಲಿಂಗ್ ಎಲ್ಲ ಸೇರಿ ಬಾಟಲಿಗೆ 3 ರೂಪಾಯಿ ಹೆಚ್ಚಾಯಿತು ಅನ್ನಿ. ನೂರಕ್ಕೆ 300. ಕಸ್ಟಮರ್ ರಿಟರ್ನ್ ನಾಲ್ಕರಿಂದ ಎರಡಕ್ಕೆ ಇಳಿದರೆ 584 ಉಳಿಯಿತು, ಆ ಎರಡು ಬಾಟಲಿಯ ಲಾಭ 176 ಬೇರೆ. 760 ರೂಪಾಯಿಗೆ 300 ಖರ್ಚು. ಇದರಷ್ಟು ಬೇಗ ಹಣ ವಾಪಸ್ ಕೊಡುವ ಖರ್ಚು ಈ ವ್ಯಾಪಾರದಲ್ಲಿ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ.

ತೆಂಗಿನೆಣ್ಣೆ ಆಧಾರದ ಕೂದಲೆಣ್ಣೆ ಮಾರುವವರಿಗೆ ಇನ್ನೊಂದು ಮಾತು. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ನಮಗೆ ಡಿಸೆಂಬರ್ ಬೆಳಗ್ಗೆ ಇದು ಹೊಸದಲ್ಲ. ಜನವರಿಯಲ್ಲಿ ದೆಹಲಿ, ಲಖನೌ ಕಡೆಯವರು ಡಬ್ಬ ತೆರೆದಾಗ ಬೆಳ್ಳಗೆ ಗಡ್ಡೆ ಕಟ್ಟಿರುವುದು ಕಂಡು ‘ಕೆಟ್ಟಿದೆ’ ಅಂತ ವಾಪಸ್ ಮಾಡುತ್ತಾರೆ. ಲಿಸ್ಟಿಂಗ್‌ನ ಎರಡನೇ ಫೋಟೊದಲ್ಲೇ, ಚಳಿಗೆ ಗಟ್ಟಿಯಾಗುವುದು ಸಹಜ, ಬಿಸಿನೀರಿನಲ್ಲಿ ಇಟ್ಟರೆ ಕರಗುತ್ತದೆ ಅಂತ ತೋರಿಸಿ. ಬಾಟಲಿಗೂ ಒಂದು ಸಣ್ಣ ಸ್ಟಿಕ್ಕರ್ ಹಾಕಿ. ದೋಷವೇ ಇಲ್ಲದ ಬಾಟಲಿ ವಾಪಸ್ ಬರುವುದು ಇದರಿಂದ ನಿಲ್ಲುತ್ತದೆ.

ಹಂತ 7: ವಾಪಸ್ ಬಂದ ಪಾರ್ಸೆಲ್ ತೆರೆಯುವ ಕ್ರಮ

ಕೊರಿಯರ್ ಹುಡುಗ ಒಟ್ಟಿಗೆ ಐದಾರು ಪಾರ್ಸೆಲ್ ಕೊಟ್ಟು ಸಹಿ ಕೇಳುತ್ತಾನೆ. ಮೇಲಿನ ಡಬ್ಬ ಒದ್ದೆಯಾಗಿದ್ದರೆ, ಹರಿದಿದ್ದರೆ ಅವನ ಎದುರಿಗೇ ಫೋಟೊ ತೆಗೆದು, ಡೆಲಿವರಿ ಶೀಟ್‌ನಲ್ಲಿ ಅಥವಾ ಆ್ಯಪ್‌ನಲ್ಲಿ ಹಾಗೇ ಬರೆಸಿ ಸಹಿ ಮಾಡಿ.

ತೆರೆಯುವಾಗ ಪ್ರತಿಯೊಂದಕ್ಕೂ ವಿಡಿಯೊ ಮಾಡಿ. ಎಲ್ಲೂ ನಿಲ್ಲಿಸದೆ ಒಂದೇ ಸಲಕ್ಕೆ ತೆಗೆದದ್ದಾಗಿರಬೇಕು. ಮೊದಲು ಕೊರಿಯರ್ ಲೇಬಲ್‌ನ ನಂಬರ್ ಓದುವ ಹಾಗೆ ತೋರಿಸಿ, ಡಬ್ಬದ ಆರೂ ಬದಿ ತೋರಿಸಿ, ಆಮೇಲೆ ಕತ್ತರಿಸಿ. ಒಳಗಿನ ಬಾಟಲಿಯ ಸೀಲ್, ಬ್ಯಾಚ್ ನಂಬರ್ ಹತ್ತಿರದಿಂದ ತೋರಿಸಿ. ತಕ್ಕಡಿ ಮೇಲೆ ಇಟ್ಟು ತೂಕ ತೋರಿಸಿ. ಕಳಿಸುವಾಗ ಯಾವ ಆರ್ಡರ್‌ಗೆ ಯಾವ ಬ್ಯಾಚ್ ಹೋಯಿತು ಅಂತ ಬರೆದಿಟ್ಟಿದ್ದರೆ ಈಗ ಹೋಲಿಸಬಹುದು. ಅರ್ಧ ಬಳಸಿದ ಬಾಟಲಿ, ಬೇರೆ ಕಂಪನಿಯ ಬಾಟಲಿ, ಹಳೇ ಬ್ಯಾಚಿನ ಖಾಲಿ ಬಾಟಲಿಗೆ ನೀರು ತುಂಬಿದ್ದು ಇವೆಲ್ಲ ಸಿಕ್ಕಿಬೀಳುವುದು ಹೀಗೆಯೇ. ಬಾಟಲಿಯ ಮೇಲೆ ಬ್ಯಾಚ್ ಇರಲಿ ಅಂತ ಮೊದಲೇ ಹೇಳಿದ್ದು ಇದಕ್ಕೆ.

ಕ್ಲೇಮ್ ಹಾಕಲು ಪ್ರತಿ ವೇದಿಕೆಯಲ್ಲೂ ಜಾಗ ಇದೆ. ಅಮೆಜಾನ್‌ನಲ್ಲಿ SAFE-T ಅಂತ ಹುಡುಕಿ. ಉಳಿದವುಗಳಲ್ಲಿ ರಿಟರ್ನ್ಸ್ ಪುಟದಲ್ಲೇ ಕ್ಲೇಮ್ ಗುಂಡಿ ಇರುತ್ತದೆ. ಗಡುವು ಕೆಲವೇ ದಿನಗಳದ್ದು. ಭಾನುವಾರ ಎಲ್ಲ ಒಟ್ಟಿಗೆ ತೆರೆದರಾಯಿತು ಅಂತ ಗುಡ್ಡೆ ಹಾಕಿದರೆ ಗಡುವು ದಾಟಿರುತ್ತದೆ. ಬಂದ ದಿನವೇ ತೆರೆದು, ಅದೇ ದಿನ ಕ್ಲೇಮ್ ಹಾಕಿ. ಕ್ಲೇಮ್‌ನಲ್ಲಿ ಸಿಟ್ಟು, ಕಥೆ ಬೇಡ. ‘ಕಳಿಸಿದ್ದು ಈ ಬ್ಯಾಚ್, ಬಂದಿದ್ದು ಈ ಬ್ಯಾಚ್. ಕಳಿಸಿದ ತೂಕ ಇಷ್ಟು, ಬಂದ ತೂಕ ಇಷ್ಟು’ ಅಂತ ಎರಡು ಸಾಲು ಬರೆದು ವಿಡಿಯೊ ಸೇರಿಸಿ.

ಯಾವುದನ್ನು ಮತ್ತೆ ಮಾರಬಹುದು? ಹೊರ ಡಬ್ಬದ ಟೇಪು ಹರಿಯದೆ, ಒಳಗಿನ ಸೀಲ್ ಗಟ್ಟಿಯಾಗಿದ್ದು, ಲೇಬಲ್‌ಗೆ ಎಣ್ಣೆ ತಾಗದ ಕೊರಿಯರ್ ರಿಟರ್ನ್ ಮಾತ್ರ. ಕಸ್ಟಮರ್ ರಿಟರ್ನ್ ಸೀಲ್ ಸರಿ ಇದ್ದಂತೆ ಕಂಡರೂ ಸ್ಟಾಕ್‌ಗೆ ಸೇರಿಸಬೇಡಿ. ತಲೆಗೆ, ಮುಖಕ್ಕೆ ಹಚ್ಚುವ ವಸ್ತು ಅದು. ಯಾರ ಮನೆಯಲ್ಲಿ ಹೇಗೆ ಇತ್ತು, ಯಾರು ಮುಟ್ಟಿದರು ಗೊತ್ತಿಲ್ಲ. ಅದನ್ನು ಮಗುವಿನ ತಲೆಗೆ ಹಚ್ಚುವವರು ಇರುತ್ತಾರೆ. 85 ರೂಪಾಯಿ ಉಳಿಸಲು ಹೋಗುವ ಜಾಗ ಇದಲ್ಲ.

ಇಂಥ ಬಾಟಲಿಗಳನ್ನು ಬೇರೆ ಕ್ರೇಟ್‌ನಲ್ಲಿ ಇಡಿ. ಎಸೆಯುವ ಮೊದಲು ಲೇಬಲ್ ಹರಿದು, ಬಾಟಲಿ ಕತ್ತರಿಸಿ. ಹಾಗೇ ಗುಜರಿಗೆ ಹೋದರೆ ನಿಮ್ಮ ಲೇಬಲ್ ಇರುವ ಬಾಟಲಿಗೆ ಯಾರಾದರೂ ಏನಾದರೂ ತುಂಬಿ ಮಾರಬಹುದು. ಎಣ್ಣೆಯನ್ನು ಸಿಂಕ್‌ಗೆ ಸುರಿಯಬೇಡಿ. ಹೀಗೆ ನಾಶ ಮಾಡಿದ ಸರಕಿಗೆ ತೆಗೆದುಕೊಂಡಿದ್ದ ಜಿಎಸ್‌ಟಿ ಕ್ರೆಡಿಟ್ ವಾಪಸ್ ಮಾಡಬೇಕಾಗುತ್ತದೆ. ಆದ್ದರಿಂದ ತಿಂಗಳಿಗೆ ಎಷ್ಟು ಬಾಟಲಿ ಎಸೆದಿರಿ, ಯಾವ ಬ್ಯಾಚ್ ಅಂತ ಬರೆದು ನಿಮ್ಮ ಲೆಕ್ಕಪತ್ರ ನೋಡುವವರಿಗೆ ಕೊಡಿ.

ರಿಟರ್ನ್ ಕಾರಣದಲ್ಲಿ ‘ತುರಿಕೆ’, ‘ಉರಿ’, ‘ಗುಳ್ಳೆ’ ಅನ್ನುವ ಮಾತು ಕಂಡರೆ ಅದನ್ನು ಸೋರಿಕೆಯ ಪಟ್ಟಿಗೆ ಸೇರಿಸಬೇಡಿ. ಬ್ಯಾಚ್ ನಂಬರ್ ಬರೆದುಕೊಂಡು ಆ ದಿನವೇ ಕಾರ್ಖಾನೆಗೆ ತಿಳಿಸಿ. ಅದೇ ಬ್ಯಾಚಿನಿಂದ ಎರಡನೇ ದೂರು ಬಂದರೆ ಆ ಬ್ಯಾಚಿನ ಮಾರಾಟ ನಿಲ್ಲಿಸಿ, ಕಾರ್ಖಾನೆಯವರು ತೆಗೆದಿಟ್ಟ ಸ್ಯಾಂಪಲ್ ಪರೀಕ್ಷೆ ಮಾಡಿಸಿದ ಮೇಲೆಯೇ ಮುಂದುವರಿಸಿ.

ಹಂತ 8: ಪಾವತಿ ಪಟ್ಟಿ ಹೊಂದಿಸಿ

ವಾರಕ್ಕೊಮ್ಮೆ ವೇದಿಕೆಯ ಪಾವತಿ ಪಟ್ಟಿ ಇಳಿಸಿಕೊಂಡು, ನಿಮ್ಮ ಆರ್ಡರ್ ಪಟ್ಟಿಯ ಪಕ್ಕ ಇಡಿ. ಮೂರು ವಿಷಯ ಹುಡುಕಿ. ವಾಪಸ್ ಅಂತ ಹಣ ಹಿಡಿದಿದ್ದಾರೆ, ಆದರೆ ಬಾಟಲಿ ನಿಮಗೆ ಬಂದೇ ಇಲ್ಲ: ಇದಕ್ಕೆ ಕ್ಲೇಮ್ ಇದೆ. ಅದೇ ಸಾಮಾನಿಗೆ ಇದ್ದಕ್ಕಿದ್ದಂತೆ ಕೊರಿಯರ್ ಶುಲ್ಕ ಜಾಸ್ತಿ ಬಿದ್ದಿದೆ: ಯಾರೋ ತೂಕ ತಪ್ಪು ಓದಿದ್ದಾರೆ, ಅಳತೆಯ ಫೋಟೊ ಕಳಿಸಿ. ಒಂದೇ ಪಿನ್‌ಕೋಡ್‌ನಿಂದ ಮತ್ತೆ ಮತ್ತೆ ಕೊರಿಯರ್ ರಿಟರ್ನ್ ಬರುತ್ತಿದೆ: ವೇದಿಕೆ ಅವಕಾಶ ಕೊಟ್ಟರೆ ಆ ಪ್ರದೇಶ ಬಿಡಿ, ಇಲ್ಲವಾದರೆ ಅಲ್ಲಿಗೆ ಜಾಹೀರಾತನ್ನಾದರೂ ನಿಲ್ಲಿಸಿ.

ನೂರು ಆರ್ಡರ್ ಆದ ಮೇಲೆ ಹಂತ 5ರ ಲೆಕ್ಕವನ್ನು ನಿಮ್ಮದೇ ಅಂಕಿ ಹಾಕಿ ಮತ್ತೆ ಮಾಡಿ. ಆರ್ಡರ್‌ಗೆ 57 ರೂಪಾಯಿ ಉಳಿಯುತ್ತದೆ ಅಂದುಕೊಂಡಿದ್ದು 20ಕ್ಕೆ ಇಳಿದಿದ್ದರೆ ಬೆಲೆ ಏರಿಸುವ ಮೊದಲು ಎರಡು ಬಾಟಲಿಯ ಜೋಡಿ ಪ್ಯಾಕ್ ಲಿಸ್ಟ್ ಮಾಡಿ ನೋಡಿ. 649ಕ್ಕೆ ಎರಡು ಬಾಟಲಿ ಮಾರಿದರೆ ನಿಗದಿ ಶುಲ್ಕ, ಜಾಹೀರಾತು, ಹೊರ ಡಬ್ಬ ಒಂದೇ ಸಲ. ಎರಡು ಬಾಟಲಿ ಹಿಡಿಯುವ 18 × 12 × 9 ಡಬ್ಬವೂ ಲೆಕ್ಕದಲ್ಲಿ 389 ಗ್ರಾಂ, ಇನ್ನೂ ಅದೇ ಅರ್ಧ ಕೆಜಿಯ ಹಂತದಲ್ಲೇ ಇರುತ್ತದೆ. ಆದರೆ ಬಾಟಲಿಗಳ ನಡುವೆ ರಟ್ಟಿನ ತಡೆ ಇಡುವುದು ಕಡ್ಡಾಯ. ಒಂದಕ್ಕೊಂದು ತಾಗಿ ಒಂದು ಸೋರಿದರೂ ಎರಡೂ ವಾಪಸ್ ಬರುತ್ತವೆ.